ಒಂದು ಕೆನ್ನೆ ಹಸಿರು, ಗದ್ದ ಕೆಂಪು: ಕಿಟಕಿ ಬೆಳಕಿನ ವಿಡಿಯೋದಲ್ಲಿ ಬಣ್ಣ ಕೆಟ್ಟಾಗ ದೋಷ ಹುಡುಕುವ ಬಗೆ

ಕಿಟಕಿ ಪಕ್ಕ ಕುಳಿತು ಮಾತಾಡಿದ ವಿಡಿಯೋ. ರೆಕಾರ್ಡ್ ಮಾಡುವಾಗ ಕೋಣೆ ಬೆಳ್ಳಗೆ, ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಫೋನಿನಲ್ಲಿ ನೋಡಿದರೆ ಕಿಟಕಿ ಕಡೆಯ ಕೆನ್ನೆಗೆ ತುಸು ಹಸಿರು ಬಂದಿದೆ, ಗದ್ದದ ಅಡಿಯಲ್ಲಿ ಕೆಂಪು ಕೂತಿದೆ, ಆಚೆ ಕಡೆಯ ಕೆನ್ನೆ ಕಪ್ಪಿಟ್ಟು ಮಣ್ಣಿನ ಬಣ್ಣಕ್ಕೆ ತಿರುಗಿದೆ. ನೋಡಿದವರು "ಹುಷಾರಿಲ್ವಾ?" ಎಂದು ಕೇಳುವಂತಿದೆ. ಎಡಿಟ್ ಮಾಡುವಾಗ ಹಸಿರು ತೆಗೆಯಲು ಹೋದರೆ ಗದ್ದ ಇನ್ನಷ್ಟು ಕೆಂಪಾಗುತ್ತದೆ, ಕೆಂಪು ತೆಗೆದರೆ ಕೆನ್ನೆ ಇನ್ನಷ್ಟು ಹಸಿರಾಗುತ್ತದೆ.

ಮಂಗಳೂರು–ಉಡುಪಿ ಕಡೆಯ ಮನೆಗಳಲ್ಲಿ ಈ ದೋಷ ತುಂಬ ಸಾಮಾನ್ಯ. ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಟ್ಯೂಬ್‌ಲೈಟ್ ಹಾಕುವುದು, ಇಲ್ಲವೇ ರಿಂಗ್ ಲೈಟ್ ತರಿಸುವುದು. ಎರಡೂ ಕೋಣೆಗೆ ಇನ್ನೊಂದು ಬಣ್ಣದ ಬೆಳಕನ್ನು ಸೇರಿಸುತ್ತವೆಯೇ ಹೊರತು ಇರುವ ದೋಷವನ್ನು ತೆಗೆಯುವುದಿಲ್ಲ. ದೋಷ ಫೋನಿನದ್ದೂ ಅಲ್ಲ. ಮುಖಕ್ಕೆ ಮೂರು ದಿಕ್ಕಿನಿಂದ ಮೂರು ಬಣ್ಣದ ಬೆಳಕು ಬೀಳುತ್ತಿದೆ, ಅಷ್ಟೇ.

ಬೆಳಕು ಕಿಟಕಿಯದ್ದಲ್ಲ, ಕಿಟಕಿಯಾಚೆಯದ್ದು

ಕಿಟಕಿ ಒಂದು ತೂತು ಮಾತ್ರ. ಅದಕ್ಕೆ ಸ್ವಂತ ಬೆಳಕಿಲ್ಲ. ನಿಮ್ಮ ಕೆನ್ನೆ ಇರುವ ಜಾಗದಿಂದ ಹೊರಗೆ ಏನು ಕಾಣುತ್ತದೋ ಅದರ ಬೆಳಕೇ ಕೆನ್ನೆಗೆ ಬೀಳುವುದು. ಅಲ್ಲಿಂದ ಆಕಾಶ ಕಂಡರೆ ಬಿಳಿ ಬೆಳಕು, ಬಾಳೆ ಎಲೆ ಕಂಡರೆ ಹಸಿರು ಬೆಳಕು, ಬಿಸಿಲು ಬಿದ್ದ ಮುರಕಲ್ಲಿನ ಅಂಗಳ ಕಂಡರೆ ಕೆಂಪು ಬೆಳಕು. ಒಳಗೂ ಇದೇ ಲೆಕ್ಕ. ಕೆಂಪು ರೆಡ್‌ಆಕ್ಸೈಡ್ ನೆಲ ಗದ್ದಕ್ಕೆ ಕಾಣುತ್ತದೆ. ತಿಳಿಹಸಿರು ಡಿಸ್ಟೆಂಪರ್ ಬಳಿದ ಗೋಡೆ ಆಚೆ ಕೆನ್ನೆಗೆ ಕಾಣುತ್ತದೆ. ಮೇಲೆ ಹಂಚು ಮತ್ತು ಕಪ್ಪಾದ ಮರದ ಪಕಾಸಿ ಇರುವುದರಿಂದ ಅಲ್ಲಿಂದ ಬೆಳಕು ಮರಳಿ ಬರುವುದೇ ಇಲ್ಲ. ಬಿಳಿ ಸ್ಲ್ಯಾಬ್ ಇರುವ ಕೋಣೆಯಲ್ಲಿ ಛಾವಣಿ ಸದ್ದಿಲ್ಲದೆ ಮಾಡುವ ಉಪಕಾರ ಹಂಚಿನ ಮನೆಯಲ್ಲಿ ಸಿಗುವುದಿಲ್ಲ. ನೆರಳು ಅಲ್ಲಿ ಗಾಢವಾಗಿ ಬೀಳುವುದು ಅದಕ್ಕೇ.

ನಮ್ಮ ಕಣ್ಣು ಇದನ್ನೆಲ್ಲ ಸರಿದೂಗಿಸಿಕೊಂಡು ನೋಡುತ್ತದೆ. ಫೋನು ಹಾಗೆ ಮಾಡುವುದಿಲ್ಲ. ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣ ಹೊಂದಿಸುವ ಅದರ ಆಟೋ ವೈಟ್ ಬ್ಯಾಲೆನ್ಸ್ ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಹಾಕುತ್ತದೆ. ಮುಖದ ಮೇಲೆಲ್ಲ ಒಂದೇ ಬಣ್ಣದ ಛಾಯೆ ಇದ್ದರೆ ಆ ತಿದ್ದುಪಡಿ ಸಾಕು. ಕೆನ್ನೆಗೊಂದು, ಗದ್ದಕ್ಕೊಂದು ಛಾಯೆ ಇದ್ದರೆ ಯಾವ ತಿದ್ದುಪಡಿಯೂ ಎರಡಕ್ಕೂ ಹೊಂದುವುದಿಲ್ಲ. ಆದ್ದರಿಂದ ನಮ್ಮ ಗುರಿ ಬಣ್ಣವನ್ನು ಸಂಪೂರ್ಣ ತೆಗೆಯುವುದಲ್ಲ. ಮುಖಕ್ಕೆ ಬೀಳುವ ಬೆಳಕೆಲ್ಲ ಒಂದೇ ಬಣ್ಣದ್ದಾಗುವಂತೆ ಮಾಡುವುದು. ಉಳಿದದ್ದನ್ನು ಫೋನು ನೋಡಿಕೊಳ್ಳುತ್ತದೆ.

ಮಡಚಿದ ಕಾಗದದ ಪರೀಕ್ಷೆ

ಯಾವ ಬಣ್ಣ ಎಲ್ಲಿಂದ ಬರುತ್ತಿದೆ ಎಂದು ಊಹಿಸಬೇಡಿ. ಒಂದು ಬಿಳಿ ಎ4 ಹಾಳೆ ಸಾಕು.

ಮೊದಲು ಕೋಣೆಯ ದೀಪಗಳೆಲ್ಲ ಬಂದ್. ಪಕ್ಕದ ಕೋಣೆಯಿಂದ ಬಾಗಿಲ ಮೂಲಕ ಬರುವ ಟ್ಯೂಬ್‌ಲೈಟನ್ನೂ ಸೇರಿಸಿ. ಹಾಳೆಯನ್ನು ಉದ್ದಕ್ಕೆ ನಡುವೆ ಮಡಚಿ, ಅರ್ಧ ತೆರೆದ ಪುಸ್ತಕದ ಹಾಗೆ ಹಿಡಿಯಿರಿ. ಮಡಿಕೆಯ ಏಣು ಕ್ಯಾಮೆರಾ ಕಡೆಗಿರಲಿ. ಮಾತಾಡುವಾಗ ಮುಖ ಎಲ್ಲಿರುತ್ತದೋ ಸರಿಯಾಗಿ ಅಲ್ಲಿ, ಅದೇ ಎತ್ತರದಲ್ಲಿ ಹಿಡಿದು ಇನ್ನೊಬ್ಬರಿಂದ ಒಂದು ಫೋಟೋ ತೆಗೆಸಿ. ಹಾಳೆಯ ಒಂದು ಮಗ್ಗುಲು ಕಿಟಕಿ ಕಡೆಯ ಕೆನ್ನೆ, ಇನ್ನೊಂದು ಮಗ್ಗುಲು ಆಚೆ ಕೆನ್ನೆ. ಆಮೇಲೆ ಹಾಳೆಯನ್ನು ತಿರುಗಿಸಿ ಮಡಿಕೆ ಅಡ್ಡಲಾಗಿ ಬರುವಂತೆ ಹಿಡಿದು ಇನ್ನೊಂದು ಫೋಟೋ. ಈಗ ಮೇಲಿನ ಮಗ್ಗುಲು ಹಣೆ, ಕೆಳಗಿನ ಮಗ್ಗುಲು ಗದ್ದ.

ಎರಡೂ ಮಗ್ಗುಲು ಒಂದೇ ಚಿತ್ರದಲ್ಲಿ ಇರುವುದರಿಂದ ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಏನೇ ಮಾಡಲಿ, ಅವುಗಳ ನಡುವಿನ ವ್ಯತ್ಯಾಸ ಉಳಿದೇ ಇರುತ್ತದೆ. ಚರ್ಮದ ಮೇಲೆ ಅನುಮಾನವಾಗಿ ಕಂಡದ್ದು ಬಿಳಿ ಹಾಳೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಮಡಿಕೆಯ ಆಚೆ ಈಚೆ ಒಂದೇ ಬಣ್ಣ, ಕಪ್ಪು–ಬೆಳಕಿನ ವ್ಯತ್ಯಾಸ ಮಾತ್ರ ಇದೆ ಎಂದಾದರೆ ಬಣ್ಣದ ದೋಷವಿಲ್ಲ, ಕಿಟಕಿಯ ಬೆಳಕನ್ನು ಆಚೆ ಕೆನ್ನೆಗೆ ಮರಳಿಸುವ ಬಿಳಿ ಹಲಗೆ, ಅಂದರೆ ರಿಫ್ಲೆಕ್ಟರ್ ಒಂದೇ ಬೇಕಾಗಿರುವುದು. ಒಂದು ಮಗ್ಗುಲು ಹಸಿರು, ಇನ್ನೊಂದು ಬೂದು ಎಂದಾದರೆ ಹಸಿರಿನ ಮೂಲವನ್ನು ಹುಡುಕಬೇಕು.

ಹುಡುಕುವುದೂ ಸುಲಭ. ಒಬ್ಬರು ಹಾಳೆ ಹಿಡಿದಿರಲಿ. ಇನ್ನೊಬ್ಬರು ಕಪ್ಪು ಕೊಡೆಯನ್ನು ಬಿಡಿಸಿ ಒಂದೊಂದು ದಿಕ್ಕನ್ನೇ ಮರೆ ಮಾಡಲಿ: ನೆಲಕ್ಕೆ ಒಮ್ಮೆ, ಆಚೆ ಗೋಡೆಗೆ ಒಮ್ಮೆ, ಕಿಟಕಿಯ ಕೆಳಭಾಗಕ್ಕೆ ಒಮ್ಮೆ. ಯಾವುದನ್ನು ಮರೆ ಮಾಡಿದಾಗ ಛಾಯೆ ಹೋಯಿತೋ ಅದೇ ಮೂಲ. ಕರಾವಳಿಯ ಮನೆಯಲ್ಲಿ ಕೊಡೆ ಹುಡುಕಬೇಕಾಗಿಲ್ಲ, ಆದರೆ ಕಪ್ಪು ಬಟ್ಟೆಯದ್ದೇ ಬೇಕು. ಹೂವಿನ ಚಿತ್ರದ ಬಣ್ಣದ ಕೊಡೆ ತನ್ನದೇ ಬಣ್ಣವನ್ನು ಸೇರಿಸಿ ಪರೀಕ್ಷೆ ಕೆಡಿಸುತ್ತದೆ.

ಎರಡು ಮಗ್ಗುಲಿನ ಬೆಳಕಿನ ಅಂತರವನ್ನೂ ಇದೇ ಹಾಳೆಯಲ್ಲಿ ಅಳೆಯಬಹುದು. ಫೋನಿನಲ್ಲಿ Pro ಮೋಡ್ ಇದ್ದರೆ ಶಟರನ್ನು 1/50ಕ್ಕೆ ನಿಲ್ಲಿಸಿ, ISO ಮಾತ್ರ ಆಟೋದಲ್ಲಿ ಬಿಡಿ. ಬೆಳಕು ಕಡಿಮೆಯಾದಷ್ಟೂ ಫೋನು ಏರಿಸಿಕೊಳ್ಳುವ ಅಂಕೆಯೇ ISO. ಫೋನಿನ ನೆರಳು ಬೀಳದಂತೆ ಹತ್ತಿರ ಹೋಗಿ, ಒಂದು ಮಗ್ಗುಲೇ ಪರದೆ ತುಂಬುವಂತೆ ಹಿಡಿದು ISO ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ಇನ್ನೊಂದು ಮಗ್ಗುಲು. ಬೆಳಕಿನ ಕಡೆ 100, ಕತ್ತಲೆಯ ಕಡೆ 800 ಬಂದರೆ ಎಂಟು ಪಟ್ಟು ಅಂತರ. ಮಾತಿನ ವಿಡಿಯೋಗೆ ಎರಡರಿಂದ ನಾಲ್ಕು ಪಟ್ಟು ಅಂತರ ಹಿತವಾಗಿರುತ್ತದೆ. ಎಂಟು ಪಟ್ಟು ಇದ್ದರೆ ಅರ್ಧ ಮುಖ ಇಲ್ಲದಂತೆ ಕಾಣುತ್ತದೆ. ಎರಡೂ ಸಮವಾಗಿಬಿಟ್ಟರೆ ಮುಖ ಚಪ್ಪಟೆಯಾಗಿ ಪಾಸ್‌ಪೋರ್ಟ್ ಫೋಟೋ ಆಗುತ್ತದೆ.

ಒಂದು ಮನೆಯ ಲೆಕ್ಕ

ಉಡುಪಿ ಕಡೆಯ ಒಂದು ಹಂಚಿನ ಮನೆ ಎಂದಿಟ್ಟುಕೊಳ್ಳಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ಪೂರ್ವಕ್ಕೆ ಒಂದೇ ಕಿಟಕಿ, ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರ ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಮೇಲೆ. ಸೂರು ಗೋಡೆಯಿಂದ ಎರಡೂವರೆ ಅಡಿ ಹೊರಗೆ ಚಾಚಿದೆ. ಹೊರಗೆ ಕೆಂಪು ಮಣ್ಣಿನ ಅಂಗಳ, ಹದಿನೈದು ಅಡಿ ದೂರದಲ್ಲಿ ಬಾಳೆ, ಅದರ ಹಿಂದೆ ತೆಂಗು. ಒಳಗೆ ಕೆಂಪು ನೆಲ, ತಿಳಿಹಸಿರು ಗೋಡೆ. ಮಾತಾಡುವವರು ಕಿಟಕಿಯಿಂದ ಆರು ಅಡಿ ದೂರ ಕುಳಿತಿದ್ದಾರೆ, ಬೆಳಿಗ್ಗೆ ಹತ್ತೂವರೆ ಗಂಟೆ. ಕಾಗದದ ಪರೀಕ್ಷೆಯಲ್ಲಿ ಕಿಟಕಿ ಮಗ್ಗುಲು ಹಸಿರು, ಗದ್ದದ ಮಗ್ಗುಲು ಕೆಂಪು, ಆಚೆ ಮಗ್ಗುಲು ಕೊಳೆ ಹಸಿರು. ISO ಲೆಕ್ಕದಲ್ಲಿ ಎಂಟು ಪಟ್ಟು ಅಂತರ.

ಮೊದಲ ತಿದ್ದುಪಡಿ ಕುರ್ಚಿಯದ್ದು. ಆರು ಅಡಿ ದೂರದಲ್ಲಿ ಕುಳಿತವರ ಕಣ್ಣಿಗೆ ಮೇಲೆ ಸೂರಿನ ಅಂಚು ಅಡ್ಡ ಬರುತ್ತದೆ, ಕೆಳಗೆ ಬಾಳೆಯ ತುದಿ ಅಡ್ಡ ಬರುತ್ತದೆ. ನಡುವೆ ಕಾಣುವ ಆಕಾಶ ಬರೀ ಒಂದು ಸಣ್ಣ ಪಟ್ಟಿ. ಉಳಿದ ಕಿಟಕಿಯೆಲ್ಲ ಎಲೆ. ಕೆನ್ನೆ ಹಸಿರಾಗದೆ ಇನ್ನೇನಾಗಬೇಕು! ಕುರ್ಚಿಯನ್ನು ಎರಡೂವರೆ ಅಡಿಗೆ ತಂದರೆ ಸೂರಿನ ಅಂಚಿನ ಆಚೆ ಹೆಚ್ಚು ಮೇಲಕ್ಕೆ ನೋಟ ಹೋಗುತ್ತದೆ. ಬಾಳೆಯ ತುದಿ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮೇಲಿನ ಅಳತೆಗಳಲ್ಲಿ ಆಕಾಶದ ಪಟ್ಟಿ ಎರಡು ಪಟ್ಟಿಗಿಂತಲೂ ಹೆಚ್ಚು ಅಗಲವಾಗುತ್ತದೆ. ಆಕಾಶ ಎಲೆಗಿಂತ ಎಷ್ಟೋ ಪಾಲು ಬೆಳ್ಳಗಿರುವುದರಿಂದ ಆ ಪಟ್ಟಿಯ ಬೆಳಕೇ ಹಸಿರನ್ನು ಮುಚ್ಚಿಹಾಕುತ್ತದೆ. ಕುರ್ಚಿ ಸರಿಸುವ ಮೊದಲು ಕುಳಿತಲ್ಲಿಂದ ಕಿಟಕಿ ಕಡೆ ಮುಖ ಮಾಡಿ ಆಕಾಶ ಎಷ್ಟು ಕಾಣುತ್ತದೆ ನೋಡಿ, ಸರಿಸಿದ ಮೇಲೆ ಇನ್ನೊಮ್ಮೆ ನೋಡಿ. ಕ್ಯಾಮೆರಾ ಬೇಕಾಗುವುದಿಲ್ಲ.

ಕುಳಿತುಕೊಳ್ಳುವ ಕೋನವೂ ಮುಖ್ಯ. ಕಿಟಕಿ ಪೂರ್ತಿ ಪಕ್ಕಕ್ಕಿದ್ದರೆ ಮುಖ ನಡುವೆ ಸೀಳಿದಂತೆ ಕಾಣುತ್ತದೆ. ಕಿಟಕಿಗೂ ನೀವು ನೋಡುವ ದಿಕ್ಕಿಗೂ ನಡುವೆ ಸುಮಾರು 45 ಡಿಗ್ರಿ ಇರಲಿ. ಅಂದರೆ ಫೋನಿನ ಸ್ಟ್ಯಾಂಡು ಕಿಟಕಿ ಇರುವ ಗೋಡೆಯ ಹತ್ತಿರಕ್ಕೆ ಹೋಗುತ್ತದೆ, ನೀವು ಕೋಣೆಯ ಒಳಬದಿಗೆ ಇರುತ್ತೀರಿ. ಆಚೆ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಬಿದ್ದರೆ ಕೋನ ಸರಿಯಾಗಿದೆ ಎಂದು ತಿಳಿಯಬಹುದು.

ಎರಡನೆಯದು ಅಂಗಳ. ಕಿಟಕಿ ಹತ್ತಿರ ಹೋದಾಗ ಆಕಾಶದ ಜತೆಗೆ ಅಂಗಳವೂ ಹೆಚ್ಚು ಕಾಣುತ್ತದೆ. ಹತ್ತೂವರೆಗೆ ಅಂಗಳದ ಕೆಂಪು ಮಣ್ಣಿನ ಮೇಲೆ ಗಟ್ಟಿ ಬಿಸಿಲು ಇರುತ್ತದೆ, ಅಲ್ಲಿಂದ ಕೆಂಪು ಬೆಳಕು ಮೇಲ್ಮುಖವಾಗಿ ಬಂದು ಗದ್ದಕ್ಕೆ ಬೀಳುತ್ತದೆ. ಹಳೆಯ ಮನೆಗಳಲ್ಲಿ ಇದಕ್ಕೆ ಮದ್ದು ಕಿಟಕಿಯಲ್ಲೇ ಇದೆ. ಕಿಟಕಿಗೆ ಮೇಲೆರಡು, ಕೆಳಗೆರಡು ಮರದ ಬಾಗಿಲು ಇರುವ ಮನೆಯಾದರೆ ಕೆಳಗಿನ ಎರಡನ್ನು ಮುಚ್ಚಿಬಿಡಿ. ಅಂಗಳ ಮಾಯ, ಬಾಳೆಯ ಬುಡವೂ ಮಾಯ, ಮೇಲಿನ ಆಕಾಶ ಹಾಗೇ ಉಳಿಯುತ್ತದೆ. ಬೆಳಕು ಸ್ವಲ್ಪ ಕಡಿಮೆಯಾದರೂ ಬರುವ ದಿಕ್ಕು ಮೇಲಿನಿಂದ ಕೆಳಕ್ಕೆ ಆಗುವುದರಿಂದ ಮುಖದ ಆಕಾರವೂ ಚೆನ್ನಾಗಿ ಕಾಣುತ್ತದೆ. ಅಂಥ ಬಾಗಿಲು ಇಲ್ಲದಿದ್ದರೆ ಕಿಟಕಿಯ ಕೆಳಗಿನ ಮೂರನೇ ಒಂದು ಭಾಗಕ್ಕೆ ರಟ್ಟು ಒರಗಿಸಿ. ರಟ್ಟಿನ ಒಳಮುಖ ಕಂದು ಬಣ್ಣದ್ದಿದ್ದರೂ ಪರವಾಗಿಲ್ಲ, ಅದರ ಮೇಲೆ ಬೆಳಕು ಬೀಳುವುದಿಲ್ಲ.

ಮೂರನೆಯದು ಒಳಗಿನ ಕೆಂಪು ನೆಲ. ಕಿಟಕಿಗೂ ಕುರ್ಚಿಗೂ ನಡುವಿನ ನೆಲ ಮತ್ತು ಕುರ್ಚಿಯ ಮುಂದಿನ ನೆಲ, ಇವೆರಡನ್ನು ಮುಚ್ಚಿದರೆ ಸಾಕು. ಸುಮಾರು ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಬಿಳಿ ಬೆಡ್‌ಶೀಟ್ ಹಾಸಿ. ಗದ್ದಕ್ಕೆ ಕೆಂಪಿನ ಬದಲು ಬಿಳಿ ಬೆಳಕು ಬೀಳುತ್ತದೆ, ಕಣ್ಣಿನ ಗುಳಿಯ ನೆರಳೂ ತುಸು ಕರಗುತ್ತದೆ. ಆದರೆ ಆ ಶೀಟಿನ ಮೇಲೆ ನೇರ ಬಿಸಿಲು ಬೀಳುತ್ತಿದ್ದರೆ ಹಾಸಲೇಬೇಡಿ. ಬೆಳಕು ಕೆಳಗಿನಿಂದ ಬಡಿದು ಮೂಗಿನ ನೆರಳು ಹಣೆ ಕಡೆಗೆ ಏರುತ್ತದೆ, ಗದ್ದದಡಿ ಟಾರ್ಚ್ ಹಿಡಿದು ಮಕ್ಕಳನ್ನು ಹೆದರಿಸುವಾಗ ಕಾಣುವ ಹಾಗೆ. ಅಂಥ ಹೊತ್ತಿನಲ್ಲಿ ಕಪ್ಪು ಕಂಬಳಿಯೇ ಒಳ್ಳೆಯದು.

ನಾಲ್ಕನೆಯದು ಆಚೆಯ ಹಸಿರು ಗೋಡೆ. ಇದಕ್ಕೆ ಪ್ರತ್ಯೇಕ ಕೆಲಸವಿಲ್ಲ, ರಿಫ್ಲೆಕ್ಟರ್ ಇಟ್ಟಾಗ ಅದೂ ಮುಚ್ಚಿಹೋಗುತ್ತದೆ.

ರಿಫ್ಲೆಕ್ಟರ್ ಇಟ್ಟರೂ ಬೆಳಕು ಬರುತ್ತಿಲ್ಲ ಎಂದರೆ

ಸ್ಟೇಷನರಿ ಅಂಗಡಿಯ ಒಂದು ದಪ್ಪ ಥರ್ಮೋಕೋಲ್ ಶೀಟು, ಸುಮಾರು ಎರಡು ಅಡಿ ಅಗಲ ಮೂರು ಅಡಿ ಉದ್ದ, ಈ ಕೆಲಸಕ್ಕೆ ಬೇರೆಲ್ಲದಕ್ಕಿಂತ ಒಳ್ಳೆಯದು. ಹಗುರ, ಬೆಳ್ಳಗೆ, ಹೊಳಪಿಲ್ಲ, ಕುರ್ಚಿಯ ಬೆನ್ನಿಗೆ ಒರಗಿಸಿದರೆ ನಿಲ್ಲುತ್ತದೆ. ತೆಳು ಶೀಟಾದರೆ ಹಿಂದೆ ರಟ್ಟು ಅಂಟಿಸಿ, ಇಲ್ಲದಿದ್ದರೆ ಸಾಕಷ್ಟು ಬೆಳಕು ಅದರ ಒಳಗಿಂದ ದಾಟಿಹೋಗುತ್ತದೆ. ಚಾರ್ಟ್ ಪೇಪರ್ ಆದರೂ ನಡೆಯುತ್ತದೆ, ಬಾಗದಂತೆ ರಟ್ಟಿಗೆ ಅಂಟಿಸಬೇಕು.

ಬಿಳಿ ಪಂಚೆ ಹರಡುವವರು ಒಂದು ವಿಷಯ ಗಮನಿಸಬೇಕು. ಒಗೆದು ನೀಲಿ ಹಾಕಿದ ಪಂಚೆ ಕಣ್ಣಿಗೆ ಬಿಳಿಯಾಗಿ ಕಂಡರೂ ಕ್ಯಾಮೆರಾದಲ್ಲಿ ನೆರಳಿನ ಕೆನ್ನೆಗೆ ತಣ್ಣನೆಯ ನೀಲಿ ಛಾಯೆ ಕೊಡುತ್ತದೆ. ಎ4 ಹಾಳೆಯನ್ನು ಅದರ ಪಕ್ಕದಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹಳೆಯದಾಗಿ ಕೆನೆ ಬಣ್ಣಕ್ಕೆ ತಿರುಗಿದ ಬೆಡ್‌ಶೀಟಿನ ಹಳದಿ ಛಾಯೆ ಅಷ್ಟು ಕೆಡುಕಲ್ಲ, ಚರ್ಮಕ್ಕೆ ಅದು ಹೊಂದಿಕೊಳ್ಳುತ್ತದೆ.

ಇಟ್ಟ ಮೇಲೂ ಕೆಲಸ ಮಾಡದಿರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಅದು ತುಂಬ ದೂರ ಇದೆ. ನಾಲ್ಕೈದು ಅಡಿ ದೂರದ ಥರ್ಮೋಕೋಲ್ ಮುಖಕ್ಕೆ ಕೊಡುವುದು ಬಹಳ ಕಡಿಮೆ. ಕೆನ್ನೆಯಿಂದ ಒಂದೂವರೆ–ಎರಡು ಅಡಿಗೆ ತನ್ನಿ, ಅಂಚು ಚಿತ್ರದೊಳಗೆ ಬರದಂತೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು. ಎರಡು, ಅದಕ್ಕೇ ಕಿಟಕಿ ಕಾಣುತ್ತಿಲ್ಲ. ನಿಮ್ಮ ತಲೆ ಮತ್ತು ಭುಜದ ನೆರಳು ಅದರ ಮೇಲೆ ಬಿದ್ದಿದ್ದರೆ ಮರಳಿ ಕೊಡಲು ಅದರ ಬಳಿ ಬೆಳಕೇ ಇರುವುದಿಲ್ಲ. ಶೀಟಿನ ಜಾಗದಲ್ಲಿ ಕಣ್ಣಿಟ್ಟು ನೋಡಿ, ಕಿಟಕಿ ಪೂರ್ತಿ ಕಾಣಬೇಕು. ಮೂರು, ಅದು ಕಿವಿಯ ನೇರಕ್ಕೆ ಅಥವಾ ಹಿಂದಕ್ಕೆ ಇದೆ. ಅಲ್ಲಿಂದ ಕೂದಲು ಮತ್ತು ಕಿವಿ ಮಾತ್ರ ಬೆಳಗುತ್ತವೆ, ಮೂಗಿನ ಪಕ್ಕದ ನೆರಳು ಹಾಗೇ ಉಳಿಯುತ್ತದೆ. ಶೀಟಿನ ನಡುಭಾಗ ಮೂಗಿನ ತುದಿಗಿಂತ ಒಂದು ಅಡಿ ಮುಂದೆ, ಕ್ಯಾಮೆರಾ ಕಡೆಗೆ ಬರಲಿ, ಎತ್ತರ ಮುಖದಷ್ಟೇ ಇರಲಿ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಫೋನಿನ ಎಕ್ಸ್‌ಪೋಶರ್ ಲಾಕ್ ಮಾಡಿ ರೆಕಾರ್ಡ್ ಒತ್ತಿ. ಸುಮ್ಮನೆ ಕುಳಿತಿರಿ, ಇನ್ನೊಬ್ಬರು ಶೀಟನ್ನು ತೆಗೆದು, ಇಟ್ಟು, ತೆಗೆದು ಮಾಡಲಿ. ಲಾಕ್ ಮಾಡದಿದ್ದರೆ ಪ್ರತಿ ಬಾರಿ ಫೋನು ತಾನೇ ಹೊಂದಿಸಿಕೊಂಡು ವ್ಯತ್ಯಾಸವೇ ಕಾಣದಂತೆ ಮಾಡುತ್ತದೆ. ಥರ್ಮೋಕೋಲಿನಿಂದ ಏನೂ ಪ್ರಯೋಜನವಿಲ್ಲ ಎಂದು ಹೇಳುವವರಲ್ಲಿ ಅರ್ಧ ಜನ ಇಲ್ಲೇ ಮೋಸ ಹೋಗಿರುತ್ತಾರೆ.

ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಹೆಚ್ಚು ಬೆಳಕು ಕೊಡುತ್ತದೆ ಎನ್ನುವುದು ನಿಜ. ಆದರೆ ನುಣುಪಾಗಿ ಅಂಟಿಸಿದ ಫಾಯಿಲ್ ಕನ್ನಡಿಯಂತೆ ವರ್ತಿಸಿ ಮೂಗಿಗೆ ಎರಡನೇ ನೆರಳು ಹಾಕುತ್ತದೆ, ತಲೆ ಅಲ್ಲಾಡಿದಾಗ ಕೆನ್ನೆಯ ಮೇಲೆ ಬೆಳಕಿನ ತುಂಡುಗಳು ಓಡಾಡುತ್ತವೆ. ಬೇಕೇ ಬೇಕಾದರೆ ಮೊದಲು ಫಾಯಿಲನ್ನು ಉಂಡೆ ಮಾಡಿ, ಬಿಡಿಸಿ, ಮಂಕು ಮುಖ ಹೊರಗೆ ಬರುವಂತೆ ರಟ್ಟಿಗೆ ಅಂಟಿಸಿ ಮೂರ್ನಾಲ್ಕು ಅಡಿ ದೂರ ಇಡಿ. ಮಳೆಗಾಲದ ಮಬ್ಬು ದಿನಗಳಿಗೆ ಇದು ಆದೀತು, ಬಿಸಿಲಿನ ದಿನಕ್ಕೆ ಬೇಡ.

ಇಷ್ಟು ಮಾಡಿ ಅದೇ ಮನೆಯಲ್ಲಿ ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿದರೆ ಮೂರು ಮಗ್ಗುಲೂ ಒಂದೇ ಬಗೆಯ ಬಿಳಿ–ಬೂದು ಬಣ್ಣಕ್ಕೆ ಬರಬೇಕು, ಅಂತರ ಮೂರು ಪಟ್ಟಿನ ಆಸುಪಾಸಿಗೆ ಇಳಿದಿರಬೇಕು. ಕಿಟಕಿ ಮಗ್ಗುಲಿನಲ್ಲಿ ಇನ್ನೂ ಹಸಿರು ಉಳಿದಿದ್ದರೆ ಆಕಾಶವೇ ಸಾಲುತ್ತಿಲ್ಲ ಎಂದರ್ಥ. ತೋಟ ಮನೆಗೆ ತೀರ ತಾಗಿಕೊಂಡಿರುವಲ್ಲಿ ಹೀಗಾಗುತ್ತದೆ. ಆಗ ತೆಳು ಬಿಳಿ ಪಂಚೆಯನ್ನು ಒಂದೇ ಪದರವಾಗಿ ಕಿಟಕಿಗೆ ಬಿಗಿಯಾಗಿ ಕಟ್ಟಿ. ಪಂಚೆ ಹಸಿರನ್ನು ತಡೆಯುವುದಿಲ್ಲ, ಎಲೆಯ ಬೆಳಕನ್ನೂ ಆಕಾಶದ ಬೆಳಕನ್ನೂ ಕಲಸಿ ಒಂದೇ ಬಣ್ಣ ಮಾಡುತ್ತದೆ. ಮುಖ ಪೂರ್ತಿ ಒಂದೇ ಪ್ರಮಾಣದಲ್ಲಿ ತಿಳಿಹಸಿರಾದರೆ ಎಡಿಟ್ ಮಾಡುವಾಗ ಒಂದೇ ಸಲ ತೆಗೆಯಬಹುದು. ಇದಕ್ಕೆ ತೆರಬೇಕಾದ ಬೆಲೆ ಬೆಳಕು. ಅರ್ಧಕ್ಕಿಂತ ಹೆಚ್ಚು ಬಟ್ಟೆಯಲ್ಲೇ ನಿಲ್ಲಬಹುದು. ಹಾಗಾಗಿ ಇದು ಕೊನೆಯ ಉಪಾಯ.

ಹಸಿರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಫೋನುಗಳ Pro ಮೋಡಿನ WB, ಅಂದರೆ ವೈಟ್ ಬ್ಯಾಲೆನ್ಸ್ ಪಟ್ಟಿ ನೀಲಿ–ಹಳದಿ ನಡುವೆ ಮಾತ್ರ ಓಡುತ್ತದೆ. 5500K ಎಂದಿರುವುದನ್ನು 6500K ಮಾಡಿದರೆ ಚಿತ್ರ ಹಳದಿಯಾದೀತೇ ಹೊರತು ಹಸಿರು ಹೋಗದು. ಹಸಿರಿಗೆ ಎದುರಾದದ್ದು ನೇರಳೆಗೆಂಪು ಛಾಯೆ, ಅದನ್ನು ಸೇರಿಸುವ ಪಟ್ಟಿ ಎಡಿಟಿಂಗ್ ಆ್ಯಪ್‌ಗಳಲ್ಲಿ Tint ಎಂಬ ಹೆಸರಿನಲ್ಲಿ ಇರುತ್ತದೆ. ಮಡಚಿದ ಹಾಳೆಯನ್ನು ಮುಖದ ಪಕ್ಕ ಹಿಡಿದು ಮೊದಲ ಎರಡು ಸೆಕೆಂಡು ರೆಕಾರ್ಡ್ ಮಾಡಿಟ್ಟುಕೊಂಡರೆ, ಆ ಹಾಳೆ ಬೂದು ಬಿಳಿಯಾಗುವವರೆಗೆ Tint ಸರಿಸಿದರೆ ಮುಗಿಯಿತು.

ಫ್ಲ್ಯಾಟಿನಲ್ಲಿ ಇರುವವರಿಗೆ

ಮಂಗಳೂರಿನ ಫ್ಲ್ಯಾಟುಗಳಲ್ಲಿ ಬಾಳೆ, ಅಂಗಳ ಇಲ್ಲ. ಅಲ್ಲಿ ಮೂಲಗಳು ಬೇರೆ. ಮೊದಲು ನೋಡಬೇಕಾದದ್ದು ಸ್ಲೈಡಿಂಗ್ ಕಿಟಕಿಯ ಗಾಜು. ಹಸಿರು ಅಥವಾ ಕಂದು ಛಾಯೆಯ ಗಾಜು, ಅಥವಾ ಬಿಸಿಲಿಗೆಂದು ಅಂಟಿಸಿದ ಫಿಲ್ಮ್ ಇದ್ದರೆ, ಅರ್ಧ ತೆರೆದ ಕಿಟಕಿಯಲ್ಲಿ ಒಂದು ಪಾಲು ಬಿಳಿ, ಇನ್ನೊಂದು ಪಾಲು ಬಣ್ಣದ ಬೆಳಕು ಬರುತ್ತದೆ. ಎರಡು ಬಾಗಿಲೂ ಒಂದೇ ಕಡೆ ಸರಿದಿರಲಿ, ಗಾಜಿನ ಪಾಲಿಗೆ ರಟ್ಟು ಒರಗಿಸಿ. ಎರಡನೆಯದು ಎದುರು ಕಟ್ಟಡ. ಹತ್ತು ಹದಿನೈದು ಅಡಿ ದೂರದ ಹಳದಿ ಅಥವಾ ಗುಲಾಬಿ ಗೋಡೆಯ ಮೇಲೆ ಬಿಸಿಲು ಬಿದ್ದರೆ ಅದೇ ನಿಮ್ಮ ದೀಪ. ಆ ಗೋಡೆಗೆ ಬಿಸಿಲು ತಪ್ಪುವ ಹೊತ್ತನ್ನು ಹಿಡಿಯುವುದೊಂದೇ ದಾರಿ. ಮೂರನೆಯದು ಮಳೆಗಾಲದ ಗಿರಾಕಿ: ಬಾಲ್ಕನಿಗೋ ಜಗಲಿಗೋ ಇರಿಚಲು ಹೊಡೆಯದಂತೆ ಕಟ್ಟಿದ ನೀಲಿ ಟಾರ್ಪಾಲು, ಇಲ್ಲವೇ ಹಸಿರು ನೆಟ್. ಅದರ ಅಡಿಯಲ್ಲಿ ಯಾವ ರಿಫ್ಲೆಕ್ಟರೂ ಉಪಯೋಗಕ್ಕಿಲ್ಲ. ಒಂದು ಗಂಟೆಯ ಮಟ್ಟಿಗೆ ಸುತ್ತಿ ಮೇಲೆ ಕಟ್ಟಿ.

ಹಂಚಿನ ಮನೆಯ ಚಾವಡಿಯಲ್ಲಿ ಕೂರುವವರು ತಲೆಯ ಮೇಲೂ ನೋಡಬೇಕು. ಗಾಜಿನ ಹಂಚು ಇದ್ದರೆ ಅಡ್ಡ ಮಡಿಕೆಯ ಪರೀಕ್ಷೆಯಲ್ಲಿ ಹಣೆಯ ಮಗ್ಗುಲು ಕಣ್ಣು ಕುಕ್ಕುವಷ್ಟು ಬೆಳ್ಳಗಿರುತ್ತದೆ, ಮುಖದಲ್ಲಿ ಕಣ್ಣುಗಳು ಗುಳಿಯಲ್ಲಿ ಮುಳುಗುತ್ತವೆ. ಕುರ್ಚಿಯನ್ನು ಅದರ ನೇರ ಅಡಿಯಿಂದ ಐದಾರು ಅಡಿ ಸರಿಸಿ.

ಬಿಸಿಲು, ಮೋಡ ಮತ್ತು ಫೋನಿನ ಲಾಕ್

ಉತ್ತರ ದಿಕ್ಕಿನ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ, ಅದೇ ವಿಡಿಯೋಗೆ ಒಳ್ಳೆಯದು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಇಲ್ಲಿಂದ ಬಹಳ ಉತ್ತರಕ್ಕಿರುವ ದೇಶಗಳ ಮಾತು. ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬರುತ್ತದೆ. ಜೂನ್ ನಂತರ ಮೋಡವೇ ಪರದೆಯಾಗುವುದರಿಂದ ಸಮಸ್ಯೆ ಕಾಣುವುದಿಲ್ಲ. ಇಲ್ಲಿನ ಗಡಿಯಾರದ ಪ್ರಕಾರ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಪೂರ್ವದ ಕಿಟಕಿಯವರು ಅದರ ನಂತರ, ಪಶ್ಚಿಮದ ಕಿಟಕಿಯವರು ಅದರ ಮೊದಲು ರೆಕಾರ್ಡ್ ಮಾಡಿದರೆ ನೇರ ಬಿಸಿಲಿನ ಕಾಟ ಇರುವುದಿಲ್ಲ. ಮೇಲೆ ಹೇಳಿದ ಪೂರ್ವದ ಕಿಟಕಿಯ ಮನೆಯಲ್ಲೂ ರೆಕಾರ್ಡಿಂಗನ್ನು ಸಂಜೆ ನಾಲ್ಕು ಗಂಟೆಗೆ ಸರಿಸಿದರೆ ಅಂಗಳದ ಕೆಂಪು ಬಹುಪಾಲು ತಾನಾಗಿ ತಗ್ಗುತ್ತದೆ, ಮನೆಯ ನೆರಳು ಅಂಗಳಕ್ಕೆ ಬಿದ್ದಿರುತ್ತದೆ.

ಮುಖ ಚೆನ್ನಾಗಿದ್ದು ಮಾತಿನ ನಡುವೆ ಬೆಳಕು ಏರಿಳಿಯುತ್ತಿದ್ದರೆ ಎರಡು ಸಾಧ್ಯತೆ. ಗೋಡೆಯೂ ಮುಖವೂ ಒಟ್ಟಿಗೆ ನಿಧಾನ ಏರಿಳಿದರೆ ಅದು ಮೋಡ. ಕೈ ಅಲ್ಲಾಡಿಸಿದಾಗ, ಮುಂದೆ ಬಾಗಿದಾಗ ಮಾತ್ರ ಬದಲಾದರೆ ಅದು ಫೋನಿನ ಆಟೋ. ಎರಡನೆಯದಕ್ಕೆ ಮದ್ದು ಲಾಕ್: ಪರದೆಯಲ್ಲಿ ಕಿಟಕಿ ಕಡೆಯ ಕೆನ್ನೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಐಫೋನಿನಲ್ಲಿ AE/AF LOCK ಎಂದು ಬರುತ್ತದೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಬೀಗದ ಚಿತ್ರ ಬರುತ್ತದೆ. ಹಣೆಯ ಹೊಳಪು ಬರಿ ಬಿಳಿಯಾಗದಷ್ಟು ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಈ ಲಾಕ್ ಬಣ್ಣವನ್ನು ಹಿಡಿದಿಡುತ್ತದೆ ಎಂದು ನಂಬಬೇಡಿ. ಬಣ್ಣಕ್ಕೆ Pro ಮೋಡಿನ WB ಬೇರೆಯಾಗಿ ನಿಲ್ಲಿಸಬೇಕು, ಹೊಸ ಐಫೋನುಗಳಲ್ಲಿ Settings ಒಳಗಿನ Camera, ಅದರ Record Video ಪುಟದಲ್ಲಿ Lock White Balance ಇದೆ.

ಹಣೆಯ ಹೊಳಪಿನ ಬಗ್ಗೆ ಒಂದು ಮಾತು. ಮೈಕಿಗೆ ಗಾಳಿ ಸದ್ದು ಬರುತ್ತದೆಂದು ಫ್ಯಾನ್ ಬಂದ್ ಮಾಡಿದರೆ ನಮ್ಮ ಸೆಕೆಗೆ ಐದು ನಿಮಿಷದಲ್ಲಿ ಹಣೆ ಒದ್ದೆ. ಆ ಬೆವರಿನಲ್ಲಿ ಕಿಟಕಿಯೇ ಪ್ರತಿಬಿಂಬಿಸುತ್ತದೆ. ಎಕ್ಸ್‌ಪೋಶರ್ ತಗ್ಗಿಸಿ ಇದನ್ನು ಸರಿಮಾಡಲು ಹೋಗಬೇಡಿ, ಒಣ ಬೈರಾಸಿನಲ್ಲಿ ಒತ್ತಿ ತೆಗೆಯಿರಿ. ಪ್ರತಿ ಟೇಕಿಗೂ ಮೊದಲು.

ಮೋಡದ ಏರಿಳಿತಕ್ಕೆ ಲಾಕ್ ಉತ್ತರವಲ್ಲ. ಆಟಿಯ ದಿನಗಳಲ್ಲಿ ಆಕಾಶ ಪೂರ್ತಿ ಮುಚ್ಚಿರುವಾಗ ಬೆಳಕು ಕಡಿಮೆಯಾದರೂ ಸ್ಥಿರವಾಗಿರುತ್ತದೆ, ಅದು ರೆಕಾರ್ಡ್ ಮಾಡಲು ಒಳ್ಳೆಯ ದಿನ. ಕುರ್ಚಿಯನ್ನು ಎರಡು ಅಡಿಗೆ ತನ್ನಿ, ಥರ್ಮೋಕೋಲನ್ನು ಒಂದು ಅಡಿಗೆ. ಆಗಲೂ ISO 800 ದಾಟಿ ಮುಖ ಮೇಣ ಮೆತ್ತಿದಂತೆ ನಯವಾಗಿ ಕಾಣತೊಡಗಿದರೆ ಫೋನು ಕಡಿಮೆ ಬೆಳಕಿನ ಚಿತ್ರದಲ್ಲಿ ಮೂಡುವ ಕಾಳುಗಳನ್ನು ಅಳಿಸಲು ಹೋಗಿ ಚರ್ಮದ ವಿವರವನ್ನೂ ಅಳಿಸುತ್ತಿದೆ ಎಂದರ್ಥ. ಹೊತ್ತು ಬದಲಿಸಿ, ಟ್ಯೂಬ್‌ಲೈಟ್ ಸೇರಿಸಬೇಡಿ. ಕಷ್ಟವಾಗುವುದು ಮೋಡ ಒಡೆದು ಒಡೆದು ಬಿಸಿಲು ಇಣುಕುವ ದಿನಗಳಲ್ಲಿ. ಆಗ ಒಂದೊಂದು ಮಾತನ್ನೂ ಅರ್ಧ–ಒಂದು ನಿಮಿಷದ ಟೇಕಾಗಿ ತೆಗೆದು, ಬಿಸಿಲು ಬಂದಾಗಿನ ಟೇಕುಗಳನ್ನು ಬಿಟ್ಟು ಮೋಡದ ಟೇಕುಗಳನ್ನಷ್ಟೇ ಜೋಡಿಸಿ. ಎರಡನ್ನೂ ಬೆರೆಸಿದರೆ ಪ್ರತಿ ಜೋಡಣೆಯಲ್ಲೂ ಮುಖದ ಬಣ್ಣ ಹಾರುತ್ತದೆ.

ಕನ್ನಡಕದವರಿಗೆ ಉಳಿಯುವ ಒಂದು ದೋಷ: ಗಾಜಿನಲ್ಲಿ ಕಿಟಕಿಯದ್ದೋ ಥರ್ಮೋಕೋಲಿನದ್ದೋ ಬಿಳಿ ಚೌಕ. ಯಾವುದರದ್ದು ಎಂದು ತಿಳಿಯಲು ಶೀಟನ್ನು ಒಂದು ಕ್ಷಣ ತೆಗೆದು ನೋಡಿ. ಶೀಟಿನದ್ದಾದರೆ ಅದನ್ನು ಇನ್ನೂ ಪಕ್ಕಕ್ಕೆ ಸರಿಸಿ, ನೆರಳು ತುಸು ಹೆಚ್ಚಾದರೂ ಸಹಿಸಿಕೊಳ್ಳಬೇಕು. ಕಿಟಕಿಯದ್ದಾದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಇಂಚು ಎತ್ತಿಟ್ಟುಕೊಳ್ಳಿ. ಗಾಜು ಕೆಳಕ್ಕೆ ಬಾಗಿ, ಚೌಕ ಕ್ಯಾಮೆರಾದ ಕಣ್ಣಿಂದ ತಪ್ಪಿಹೋಗುತ್ತದೆ. ಎದುರಿನಿಂದ ನೋಡುವವರಿಗೆ ಕಡ್ಡಿ ಎತ್ತಿದ್ದು ಗೊತ್ತಾಗುವುದಿಲ್ಲ.